ಬೊಗಳದ ನಾಯಿಕೆಮ್ಮು: ದೊಡ್ಡವರ ಎರಡು ತಿಂಗಳ ಕೆಮ್ಮಿನ ಹಿಂದೆ ಏನಿರಬಹುದು?

ಶೀತ ಬಂದು ಹೋಗಿ ಮೂರು ವಾರವಾಗಿದೆ. ಜ್ವರವಿಲ್ಲ, ಮೈಕೈ ನೋವಿಲ್ಲ, ನೋಡಿದವರು ಚೆನ್ನಾಗಿದ್ದೀರಲ್ಲ ಅಂತಾರೆ. ಆದರೆ ಗಂಟಲಲ್ಲಿ ಕೂದಲೆಳೆ ಸಿಕ್ಕಿಕೊಂಡ ಹಾಗೆ ಒಂದು ಕೆರೆತ. ಮಾತಾಡಲು ಬಾಯಿ ತೆರೆದರೆ, ಜೋರಾಗಿ ನಕ್ಕರೆ, ತಣ್ಣನೆ ಗಾಳಿ ಒಳಗೆ ಹೋದರೆ ಕೆಮ್ಮು ಶುರು. ಶುರುವಾಯಿತು ಅಂದರೆ ಒಂದೇ ಉಸಿರಿಗೆ ಹತ್ತು ಹದಿನೈದು ಸಲ, ಮಧ್ಯೆ ಗಾಳಿ ಎಳೆದುಕೊಳ್ಳಲೂ ಬಿಡುವಿಲ್ಲ, ಮುಖ ಕೆಂಪಾಗಿ ಕಣ್ಣಲ್ಲಿ ನೀರು ಬಂದು ಕೊನೆಗೆ ವಾಕರಿಕೆ ಅಥವಾ ವಾಂತಿ. ಎರಡು ನಿಮಿಷ ಕಳೆದರೆ ಏನೂ ಆಗೇ ಇಲ್ಲ ಅನ್ನುವ ಹಾಗೆ ಮಾಮೂಲು. ರಾತ್ರಿ ಮಲಗಿದ ಮೇಲೆ ಮತ್ತೆ ಅದೇ ಕಥೆ.

ಇದಕ್ಕೆ ನಾವು ಇಡುವ ಹೆಸರುಗಳು ಗೊತ್ತೇ ಇವೆ: ಅಲರ್ಜಿ, ಧೂಳು, ಹವೆ ಬದಲಾಗಿದೆ, ಗ್ಯಾಸ್ಟ್ರಿಕ್. ಬಹಳ ಸಲ ಇವೇ ನಿಜವಾದ ಕಾರಣ ಕೂಡ. ನಾಯಿಕೆಮ್ಮು ಅಂತ ಮಾತ್ರ ಯಾರೂ ಹೇಳುವುದಿಲ್ಲ. ಅದು ಚಿಕ್ಕ ಮಕ್ಕಳ ಕಾಯಿಲೆ ಅಂತ ನಮ್ಮ ತಲೆಯಲ್ಲಿ ಕೂತುಬಿಟ್ಟಿದೆ. ಜೊತೆಗೆ ಆ ಹೆಸರೇ ದಾರಿ ತಪ್ಪಿಸುತ್ತದೆ. ಕೆಮ್ಮಿದಾಗ ವಿಚಿತ್ರ ಸದ್ದು ಬರಬೇಕು, ಬರಲಿಲ್ಲ ಅಂದರೆ ಅದಲ್ಲ ಅಂದುಕೊಳ್ಳುತ್ತೇವೆ. ಕೆಮ್ಮಿನ ಕೊನೆಗೆ ಉಸಿರನ್ನು ಒಳಗೆಳೆಯುವಾಗ ಬರುವ ಆ ಕೂಗು ಹುಟ್ಟುವುದು ಮಕ್ಕಳ ಸಣ್ಣ ಶ್ವಾಸನಾಳದಲ್ಲಿ ಗಾಳಿ ನುಗ್ಗುವಾಗ. ದೊಡ್ಡವರ ನಾಳ ಅಗಲ. ಹಳೆಯ ಲಸಿಕೆಯ ಅಷ್ಟಿಷ್ಟು ರಕ್ಷಣೆಯೂ ಉಳಿದಿರುತ್ತದೆ. ಹಾಗಾಗಿ ಹದಿಹರೆಯದವರಲ್ಲಿ, ದೊಡ್ಡವರಲ್ಲಿ ಆ ಸದ್ದು ಹೆಚ್ಚಾಗಿ ಬರುವುದೇ ಇಲ್ಲ. ಉಳಿಯುವುದು ಉದ್ದನೆಯ ಕೆಮ್ಮು ಮತ್ತು ಗಂಟಲಿನ ಕೆರೆತ, ಅಷ್ಟೇ.

ಇದು ಎಷ್ಟು ಸಾಮಾನ್ಯ? ಬ್ರಿಟನ್ನಿನ ಆಕ್ಸ್‌ಫರ್ಡ್‌ಶೈರ್‌ನಲ್ಲಿ ನಡೆದ, 2006ರಲ್ಲಿ ಪ್ರಕಟವಾದ ಒಂದು ಅಧ್ಯಯನ ಇದಕ್ಕೆ ಒಳ್ಳೆಯ ಉತ್ತರ ಕೊಡುತ್ತದೆ. ಎರಡು ವಾರಕ್ಕಿಂತ ಜಾಸ್ತಿ ಕೆಮ್ಮುತ್ತಿದ್ದ 5ರಿಂದ 16 ವರ್ಷದ 172 ಮಕ್ಕಳ ರಕ್ತ ಪರೀಕ್ಷೆ ಮಾಡಿದರು. 64 ಮಕ್ಕಳಲ್ಲಿ, ಅಂದರೆ ನೂರಕ್ಕೆ 37 ಮಕ್ಕಳಲ್ಲಿ, ಇತ್ತೀಚೆಗೆ ನಾಯಿಕೆಮ್ಮಿನ ಸೋಂಕು ಆಗಿದ್ದರ ಗುರುತು ಸಿಕ್ಕಿತು. ಆ 64ರಲ್ಲಿ ಹೆಚ್ಚಿನವರು ಚಿಕ್ಕಂದಿನ ಲಸಿಕೆಗಳನ್ನೆಲ್ಲ ಪೂರ್ತಿ ಹಾಕಿಸಿಕೊಂಡವರು! ಅಲ್ಲಿ ಶಾಲೆಗೆ ಸೇರುವ ಮುಂಚಿನ ಬೂಸ್ಟರ್ ಶುರುವಾಗಿ ಹಲವು ವರ್ಷ ಕಳೆದ ಮೇಲೆ ಇಂಥದೇ ಇನ್ನೊಂದು ಅಧ್ಯಯನ ಮಾಡಿದಾಗ ಈ ಪಾಲು ನೂರಕ್ಕೆ 20ಕ್ಕೆ ಇಳಿದಿತ್ತು. ಅದರಲ್ಲೂ ಬೂಸ್ಟರ್ ಹಾಕಿಸಿ ಏಳು ವರ್ಷ ದಾಟಿದ್ದ ಮಕ್ಕಳಲ್ಲಿ ಸೋಂಕು ಉಳಿದವರಿಗಿಂತ ಮೂರು ಪಟ್ಟಿಗೂ ಹೆಚ್ಚು ಕಂಡಿತು. ಲಸಿಕೆ ಕೆಲಸ ಮಾಡುತ್ತದೆ, ಆದರೆ ಸವೆಯುತ್ತದೆ. ಈ ಲೇಖನದ ಉಳಿದ ಭಾಗವೆಲ್ಲ ಆ ಸವೆತದ ಸುತ್ತಲೇ ಇದೆ.

ಮೊದಲು ಒಂದು ಪ್ರಶ್ನೆ. ಬ್ಯಾಕ್ಟೀರಿಯಾ ಸತ್ತು ಹೋದರೂ ಕೆಮ್ಮು ಯಾಕೆ ನಿಲ್ಲುವುದಿಲ್ಲ?

ಈ ಬ್ಯಾಕ್ಟೀರಿಯಾದ ಹೆಸರು ಬೋರ್ಡೆಟೆಲ್ಲಾ ಪರ್ಟುಸಿಸ್. 1906ರಲ್ಲಿ ಇದನ್ನು ಪ್ರಯೋಗಾಲಯದಲ್ಲಿ ಬೆಳೆಸಿ ತೋರಿಸಿದ ಜೂಲ್ಸ್ ಬೋರ್ಡೆಯ ಹೆಸರೇ ಅದಕ್ಕೆ ಬಂದಿದೆ. ಇದು ರಕ್ತಕ್ಕೆ ಇಳಿಯುವುದಿಲ್ಲ. ಶ್ವಾಸನಾಳದ ಒಳಗೋಡೆಯ ಮೇಲಿರುವ ಸೂಕ್ಷ್ಮ ರೋಮಗಳಿಗೆ ಅಂಟಿಕೊಂಡು ಅಲ್ಲೇ ಠಿಕಾಣಿ ಹೂಡುತ್ತದೆ. ಆ ರೋಮಗಳ ಕೆಲಸ ಪೊರಕೆಯದು: ಕಫ, ಧೂಳನ್ನು ಸದಾ ಮೇಲಕ್ಕೆ ಗುಡಿಸುತ್ತಿರುತ್ತವೆ. ಬ್ಯಾಕ್ಟೀರಿಯಾ ಬಿಡುವ ಒಂದು ವಿಷ ಈ ರೋಮದ ಕೋಶಗಳನ್ನು ಕೊಲ್ಲುತ್ತದೆ. ಪೊರಕೆ ಹೋದ ಮೇಲೆ ಅಂಟುಕಫವನ್ನು ಹೊರಹಾಕಲು ದೇಹಕ್ಕೆ ಉಳಿಯುವ ದಾರಿ ಒಂದೇ, ಕೆಮ್ಮುವುದು. ಕೋಶಗಳು ಮತ್ತೆ ಬೆಳೆಯಲು ವಾರಗಟ್ಟಲೆ ಬೇಕು.

ಕಥೆ ಅಷ್ಟಕ್ಕೇ ಮುಗಿಯುವುದಿಲ್ಲ. ಇಲಿಗಳ ಮೇಲೆ ನಡೆದ ಪ್ರಯೋಗಗಳಲ್ಲಿ ಇನ್ನೊಂದು ಸಂಗತಿ ಕಂಡಿದೆ. ಈ ಬ್ಯಾಕ್ಟೀರಿಯಾದ ಕೆಲವು ಪದಾರ್ಥಗಳು ಸೇರಿ ದೇಹದಲ್ಲಿ ಬ್ರಾಡಿಕೈನಿನ್ ಎಂಬ ರಾಸಾಯನಿಕವನ್ನು ಹೆಚ್ಚಿಸುತ್ತವೆ, ಅದು ಕೆಮ್ಮಿನ ನರಗಳನ್ನು ಅತಿ ಸೂಕ್ಷ್ಮ ಮಾಡುತ್ತದೆ. ಕೆರಳುವುದು ನರದ ತುದಿಯ ಯಾವ ಗ್ರಾಹಕ ಗೊತ್ತಾ? ಮೆಣಸಿನಕಾಯಿಯ ಖಾರವನ್ನು ಗುರುತಿಸುವ ಅದೇ ಗ್ರಾಹಕ. ಇದರ ಜೊತೆಗೆ ಪರ್ಟುಸಿಸ್ ಟಾಕ್ಸಿನ್ ಎಂಬ ಇನ್ನೊಂದು ವಿಷ, ಇಂಥ ಕೆರಳಿಕೆಯನ್ನು ತಣ್ಣಗೆ ಮಾಡುವ ದೇಹದ ವ್ಯವಸ್ಥೆಯನ್ನೇ ಕೆಡಿಸುತ್ತದೆ. ಒಂದು ಕಡೆ ಬೆಂಕಿ, ಇನ್ನೊಂದು ಕಡೆ ನೀರಿನ ನಲ್ಲಿ ಬಂದ್. ಮನುಷ್ಯರಲ್ಲೂ ಹೀಗೇ ನಡೆಯುವುದಾದರೆ, ಸುಮ್ನೆ ತಣ್ಣನೆ ಗಾಳಿ ತಾಗಿದರೂ ಗಂಟಲು ಖಾರ ತಿಂದ ಹಾಗೆ ಯಾಕೆ ವರ್ತಿಸುತ್ತದೆ ಅನ್ನುವುದು ಅರ್ಥವಾಗುತ್ತದೆ.

ಈಗ ಒಂದು ಮನೆಯ ಉದಾಹರಣೆ ನೋಡೋಣ. ಇದು ನಾನು ಕಟ್ಟಿಕೊಂಡದ್ದು, ಆದರೆ ಇದರ ಒಂದೊಂದು ಹೆಜ್ಜೆಯೂ ಈ ಕಾಯಿಲೆಯಲ್ಲಿ ಮಾಮೂಲಾಗಿ ನಡೆಯುವಂಥದ್ದೇ. ಮನೆಯಲ್ಲಿ 15 ವರ್ಷದ ಮಗಳು. ಕೊನೆಯ ಲಸಿಕೆ ಹಾಕಿಸಿದ್ದು ಐದನೇ ವರ್ಷದಲ್ಲಿ. ತರಗತಿಯಲ್ಲಿ ಯಾರಿಂದಲೋ ಹತ್ತಿಸಿಕೊಂಡು ಬಂದು ಕೆಮ್ಮುತ್ತಿದ್ದಾಳೆ. ಅಪ್ಪನಿಗೆ 41. ಸೋಂಕು ತಗುಲಿದ ಒಂದು ವಾರ ಹತ್ತು ದಿನಕ್ಕೆ ಅವನಿಗೆ ಮೂಗು ಸೋರಲು ಶುರುವಾಯಿತು. ಆ ದಿನವನ್ನು ಮೊದಲ ದಿನ ಅಂತ ಎಣಿಸಿ.

ಮೊದಲ ಒಂಬತ್ತು ದಿನ ಅದು ಬರೀ ಶೀತ. ಮೂಗು ಸೋರುತ್ತದೆ, ಸೀನು ಬರುತ್ತದೆ, ಮೂರನೇ ದಿನದಿಂದ ಸಣ್ಣ ಕೆಮ್ಮು. ಈ ಹಂತದಲ್ಲಿ ಇದು ನಾಯಿಕೆಮ್ಮು ಅಂತ ಯಾವ ಡಾಕ್ಟರಿಗೂ ಬರೀ ನೋಡಿ ಹೇಳಲು ಆಗುವುದಿಲ್ಲ. ಆದರೆ ಕಾಯಿಲೆ ಅತಿ ಹೆಚ್ಚು ಹರಡುವ ಕಾಲ ಇದೇ, ಆ್ಯಂಟಿಬಯೋಟಿಕ್ ಕೊಟ್ಟರೆ ಕೆಮ್ಮು ಸ್ವಲ್ಪವಾದರೂ ಕಡಿಮೆಯಾಗುವ ಕಾಲವೂ ಇದೇ. ಆರನೇ ದಿನ ಅವನು ತಂಗಿಯ ಮನೆಗೆ ಹೋಗಿ, ಐದು ವಾರದ ಮಗುವನ್ನು ಎತ್ತಿಕೊಂಡು ಬಂದ. ಸ್ವಲ್ಪ ಶೀತ ಅಷ್ಟೇ, ಮಾಸ್ಕ್ ಯಾಕೆ ಅಲ್ವಾ?

ಹತ್ತನೇ ದಿನ ಮೂಗು ಒಣಗಿತು, ಕೆಮ್ಮು ತಿರುಗಿ ಬಿತ್ತು. ಅಲೆ ಅಲೆಯಾಗಿ ಬರುವ ಕೆಮ್ಮು. ಹದಿಮೂರನೇ ದಿನ ಡಾಕ್ಟರ ಹತ್ತಿರ ಹೋದ. ಸ್ಟೆತಸ್ಕೋಪ್ ಇಟ್ಟು ನೋಡಿದರೆ ಶ್ವಾಸಕೋಶ ಸ್ವಚ್ಛ, ಜ್ವರ ಇಲ್ಲ. ಕೆಮ್ಮಿನ ಸಿರಪ್ ಬರೆದುಕೊಟ್ಟರು. ಇಪ್ಪತ್ತನೇ ದಿನ ಇನ್ನೊಬ್ಬರ ಹತ್ತಿರ ಹೋದ, ಐದು ದಿನ ಅಮಾಕ್ಸಿಸಿಲಿನ್. ಈ ಔಷಧಿ ಬೇರೆ ಸೋಂಕುಗಳಿಗೆ ಒಳ್ಳೆಯದೇ, ಆದರೆ ನಾಯಿಕೆಮ್ಮಿನ ಬ್ಯಾಕ್ಟೀರಿಯಾವನ್ನು ಮೂಗು ಗಂಟಲಿನಿಂದ ತೊಲಗಿಸಲು ಇದರ ಕೈಲಾಗುವುದಿಲ್ಲ. ಇಲ್ಲಿ ಬೇಕಾಗುವುದು ಅಜಿತ್ರೋಮೈಸಿನ್ ಅಥವಾ ಅದೇ ಗುಂಪಿನ ಬೇರೆ ಔಷಧಿ. ದೊಡ್ಡವರಿಗೆ ಮಾಮೂಲಾಗಿ ಮೊದಲ ದಿನ 500 ಮಿಲಿಗ್ರಾಂ, ಆಮೇಲೆ ನಾಲ್ಕು ದಿನ 250. ಹೃದಯದ ಬಡಿತದ ತೊಂದರೆ ಇರುವವರಿಗೆ ಇದು ಆಗದಿರಬಹುದು, ಆದ್ದರಿಂದ ಡಾಕ್ಟರನ್ನು ಕೇಳದೆ ತೆಗೆದುಕೊಳ್ಳಬೇಡಿ.

ಇಪ್ಪತ್ತೊಂಬತ್ತನೇ ದಿನ ಮೂರನೆಯ ಡಾಕ್ಟರ್. ಎಕ್ಸ್‌ರೇ ಮಾಡಿಸಿದರು, ಸರಿಯಾಗಿತ್ತು. ಆಮೇಲೆ ಅವರು ಕೇಳಿದ ಎರಡು ಪ್ರಶ್ನೆಗಳೇ ದಾರಿ ತೋರಿಸಿದವು. ಕೆಮ್ಮಿ ಕೆಮ್ಮಿ ವಾಂತಿ ಆಗುತ್ತಾ? ಮನೆಯಲ್ಲಿ ಬೇರೆ ಯಾರಾದರೂ ಹೀಗೇ ಕೆಮ್ಮುತ್ತಿದ್ದಾರಾ? ಎರಡಕ್ಕೂ ಹೌದು. ಮೂಗಿನ ಹಿಂಭಾಗದಿಂದ ಸ್ವ್ಯಾಬ್ ತೆಗೆದು ಪಿಸಿಆರ್‌ಗೆ ಕಳಿಸಿದರು. ನೆಗೆಟಿವ್ ಬಂತು.

ಇಲ್ಲೇ ಬಹಳ ಜನ ಮೋಸ ಹೋಗುತ್ತಾರೆ. ಪಿಸಿಆರ್ ಹುಡುಕುವುದು ಬ್ಯಾಕ್ಟೀರಿಯಾದ ಡಿಎನ್‌ಎಯನ್ನು. ಕೆಮ್ಮು ಶುರುವಾದ ಮೊದಲ ಮೂರು ವಾರದಲ್ಲಿ ಅದು ಸಿಗುತ್ತದೆ, ನಾಲ್ಕನೇ ವಾರದ ಹೊತ್ತಿಗೆ ಅನುಮಾನ, ಆಮೇಲೆ ಸಿಗುವುದು ಕಷ್ಟ. ಕೆಮ್ಮು ಮಾತ್ರ ಇನ್ನೂ ಜೋರಾಗಿಯೇ ಇರುತ್ತದೆ. ಆದ್ದರಿಂದ ಐದನೇ ವಾರದ ನೆಗೆಟಿವ್ ಅಂದರೆ ಬ್ಯಾಕ್ಟೀರಿಯಾ ಈಗ ಸಿಗಲಿಲ್ಲ ಅಂತ ಮಾತ್ರ ಅರ್ಥ. ಬಂದೇ ಇರಲಿಲ್ಲ ಅಂತಲ್ಲ. ಆ ಹೊತ್ತಿಗೆ ಉಪಯೋಗಕ್ಕೆ ಬರುವುದು ರಕ್ತ ಪರೀಕ್ಷೆ, ಪರ್ಟುಸಿಸ್ ಟಾಕ್ಸಿನ್ ವಿರುದ್ಧ ಇರುವ ಪ್ರತಿಕಾಯಗಳನ್ನು ಅಳೆಯುವುದು. ಇದಕ್ಕೆ ಕೆಮ್ಮಿನ ಎರಡನೇ ವಾರದಿಂದ ಎಂಟನೇ ವಾರದವರೆಗೆ ಒಳ್ಳೆಯ ಸಮಯ. ಇತ್ತೀಚೆಗೆ ಲಸಿಕೆ ಹಾಕಿಸಿಕೊಂಡಿದ್ದರೆ ಮಾತ್ರ ಈ ಪರೀಕ್ಷೆಯನ್ನು ನಂಬುವ ಹಾಗಿಲ್ಲ, ಯಾಕೆಂದರೆ ಲಸಿಕೆಯಿಂದಲೂ ಅದೇ ಪ್ರತಿಕಾಯ ಏರುತ್ತದೆ. ಅಪ್ಪನ ರಕ್ತದಲ್ಲಿ ಅದು ತುಂಬಾ ಜಾಸ್ತಿ ಇತ್ತು. ಅವನು ಲಸಿಕೆ ಕಂಡು ಮೂರೂವರೆ ದಶಕ. ಕಾಯಿಲೆಗೆ ಹೆಸರು ಸಿಕ್ಕಿತು.

ಹೆಸರು ಸಿಕ್ಕರೂ ಚಿಕಿತ್ಸೆ ಇಲ್ಲ. ಕೆಮ್ಮು ಶುರುವಾಗಿ ಮೂರು ವಾರ ದಾಟಿದ ಮೇಲೆ ದೊಡ್ಡವರಿಗೆ ಸಾಮಾನ್ಯವಾಗಿ ಆ್ಯಂಟಿಬಯೋಟಿಕ್ ಕೊಡುವುದಿಲ್ಲ, ಕೊಲ್ಲಲು ಅಲ್ಲಿ ಬ್ಯಾಕ್ಟೀರಿಯಾ ಉಳಿದಿರುವುದಿಲ್ಲ. ಗರ್ಭಿಣಿಯರಿಗೆ ಮತ್ತು ಒಂದು ವರ್ಷದೊಳಗಿನ ಮಕ್ಕಳಿಗೆ ಮಾತ್ರ ಆರು ವಾರದವರೆಗೂ ಕೊಡುತ್ತಾರೆ. ಕೆಮ್ಮಿನ ಸಿರಪ್, ಇನ್ಹೇಲರ್, ಸ್ಟೀರಾಯ್ಡ್, ಅಲರ್ಜಿ ಮಾತ್ರೆ, ಇವು ಯಾವುದರಿಂದಲೂ ಈ ಕೆಮ್ಮು ನಿಜವಾಗಿ ಕಡಿಮೆಯಾಗುತ್ತದೆ ಅನ್ನಲು ಗಟ್ಟಿ ಸಾಕ್ಷಿ ಸಿಕ್ಕಿಲ್ಲ. ಒಂದೇ ಮಾತಿನಲ್ಲಿ ಹೇಳುವುದಾದರೆ, ಔಷಧಿ ಕೆಲಸ ಮಾಡುವ ಹೊತ್ತಿನಲ್ಲಿ ಇದು ನಾಯಿಕೆಮ್ಮು ಅಂತ ಗೊತ್ತಾಗುವುದಿಲ್ಲ, ಗೊತ್ತಾಗುವ ಹೊತ್ತಿಗೆ ಔಷಧಿ ಕೆಲಸ ಮಾಡುವುದಿಲ್ಲ. ಬೂಸ್ಟರ್ ಬಗ್ಗೆ ಡಾಕ್ಟರುಗಳು ತಲೆ ಕೆಡಿಸಿಕೊಳ್ಳುವುದು ಇದಕ್ಕೇ. ಬೇರೆ ಸೋಂಕಾದರೆ ಬಂದ ಮೇಲೆ ನೋಡಿಕೊಂಡರಾಯಿತು ಅನ್ನಬಹುದು, ಇಲ್ಲಿ ಆ ಅವಕಾಶ ಬಹಳ ಕಿರಿದು.

ಈ ಐದು ವಾರದಲ್ಲಿ ಅಪ್ಪನಿಗೆ ಆದದ್ದೇನು? ನಿದ್ದೆ ಹಾಳಾಯಿತು, ಪಕ್ಕೆ ನೋವು ಬಂತು. ಕೆಲವರಿಗೆ ಕೆಮ್ಮಿನ ರಭಸಕ್ಕೆ ಪಕ್ಕೆಲುಬೇ ಬಿರುಕು ಬಿಡುತ್ತದೆ, ಕೆಲವರು ಕೆಮ್ಮುತ್ತಲೇ ಪ್ರಜ್ಞೆ ತಪ್ಪುತ್ತಾರೆ. ಮೂತ್ರ ಸೋರುವುದು ಹೆಂಗಸರಲ್ಲಿ ಸಾಕಷ್ಟು ಕಾಣುತ್ತದೆ, ನಾಚಿಕೆಗೆ ಯಾರೂ ಹೇಳಿಕೊಳ್ಳುವುದಿಲ್ಲ ಅಷ್ಟೇ. ಏನೇ ಆದರೂ ಆರೋಗ್ಯವಂತ ದೊಡ್ಡವರು ಇದರಿಂದ ಸಾಯುವುದು ತೀರಾ ಅಪರೂಪ. ಭಯ ಇರುವುದು ಆ ಐದು ವಾರದ ಮಗುವಿನ ಬಗ್ಗೆ.

ತಂಗಿ ಬಸುರಿಯಾಗಿದ್ದಾಗ ಈ ಲಸಿಕೆ ಹಾಕಿಸಿಕೊಂಡಿರಲಿಲ್ಲ. ಅಣ್ಣ ಬಂದುಹೋದ ಒಂಬತ್ತನೇ ದಿನಕ್ಕೆ ಮಗುವಿಗೆ ಮೂಗು ಕಟ್ಟಿತು, ಹಾಲು ಕುಡಿಯುವುದು ಕಡಿಮೆಯಾಯಿತು. ಅಷ್ಟು ಚಿಕ್ಕ ಮಕ್ಕಳಲ್ಲಿ ಕೆಮ್ಮು ಜೋರಾಗಿ ಕೇಳಿಸದೆಯೂ ಇರಬಹುದು. ಬದಲಿಗೆ ಉಸಿರೇ ಕೆಲವು ಕ್ಷಣ ನಿಂತುಬಿಡುತ್ತದೆ, ತುಟಿ ನೀಲಿಯಾಗುತ್ತದೆ. ಪರ್ಟುಸಿಸ್ ಟಾಕ್ಸಿನ್‌ನಿಂದ ಬಿಳಿ ರಕ್ತಕಣಗಳು ವಿಪರೀತ ಏರಿದರೆ ಶ್ವಾಸಕೋಶದ ಸಣ್ಣ ರಕ್ತನಾಳಗಳಲ್ಲಿ ಹರಿವು ಕಟ್ಟಿ, ಹೃದಯಕ್ಕೂ ಹೊಡೆತ ಬೀಳುತ್ತದೆ. ನಮ್ಮ ಉದಾಹರಣೆಯ ಮಗುವನ್ನು ತುಟಿ ನೀಲಿಯಾದ ಕೂಡಲೇ ಆಸ್ಪತ್ರೆಗೆ ಸೇರಿಸಿದರು, ಆಕ್ಸಿಜನ್ ಕೊಟ್ಟರು, ಮೂರು ವಾರದ ಮೇಲೆ ಮನೆಗೆ ಬಂತು. ಎಲ್ಲ ಮಕ್ಕಳೂ ಹಾಗೆ ಬರುವುದಿಲ್ಲ. 2010ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಈ ಕಾಯಿಲೆ ಎದ್ದಾಗ 10 ಶಿಶುಗಳು ಸತ್ತವು, 2012ರಲ್ಲಿ ಇಂಗ್ಲೆಂಡಿನಲ್ಲಿ 14.

ಹಾಗಾದರೆ ಚಿಕ್ಕಂದಿನಲ್ಲಿ ಹಾಕಿಸಿದ ಲಸಿಕೆ ಎಲ್ಲಿ ಹೋಯಿತು?

ಮೊದಲಿನ ಲಸಿಕೆ ಇಡೀ ಬ್ಯಾಕ್ಟೀರಿಯಾವನ್ನು ಕೊಂದು ಮಾಡಿದ್ದು. 1930ರ ದಶಕದಲ್ಲಿ ಅಮೆರಿಕದ ಮಿಶಿಗನ್ನಿನ ಪರ್ಲ್ ಕೆಂಡ್ರಿಕ್ ಮತ್ತು ಗ್ರೇಸ್ ಎಲ್ಡರಿಂಗ್ ಎಂಬ ಇಬ್ಬರು ವಿಜ್ಞಾನಿಗಳು ಅದನ್ನು ಸರಿಯಾಗಿ ಪರೀಕ್ಷೆ ಮಾಡಿ ಅದು ಕೆಲಸ ಮಾಡುತ್ತದೆ ಅಂತ ತೋರಿಸಿದರು. ಒಳ್ಳೆಯ ರಕ್ಷಣೆ ಕೊಡುತ್ತಿತ್ತು, ಆದರೆ ಜ್ವರ, ಚುಚ್ಚಿದ ಕಡೆ ಊತ, ಮಕ್ಕಳ ನಿಲ್ಲದ ಅಳು ಇದ್ದದ್ದೇ. ಆಮೇಲೆ ಬ್ಯಾಕ್ಟೀರಿಯಾದಿಂದ ಒಂದರಿಂದ ಐದು ಪ್ರೋಟೀನುಗಳನ್ನಷ್ಟೇ ಆರಿಸಿ ಮಾಡಿದ ಲಸಿಕೆ ಬಂತು, ಜಪಾನ್ 1981ರಲ್ಲೇ ಅದಕ್ಕೆ ಬದಲಾಯಿತು. ಇದಕ್ಕೆ ಅಸೆಲ್ಯುಲರ್ ಅಂತ ಹೆಸರು. ನೋವು ಕಡಿಮೆ, ಜ್ವರ ಕಡಿಮೆ. ಬೆಲೆ ತೆತ್ತದ್ದು ಬೇರೆ ಕಡೆ: ಇದು ಕಲಿಸುವ ಪಾಠ ಬೇಗ ಮರೆತುಹೋಗುತ್ತದೆ. 2013ರಲ್ಲಿ ಪ್ರಕಟವಾದ ಬಬೂನ್ ಕೋತಿಗಳ ಪ್ರಯೋಗ ಇನ್ನೂ ಒಂದು ವಿಷಯ ತೋರಿಸಿತು. ಅಸೆಲ್ಯುಲರ್ ಲಸಿಕೆ ಪಡೆದ ಕೋತಿಗಳಿಗೆ ಕಾಯಿಲೆ ಬರಲಿಲ್ಲ, ಆದರೆ ಬ್ಯಾಕ್ಟೀರಿಯಾ ಅವುಗಳ ಮೂಗು ಗಂಟಲಲ್ಲಿ ಕೂತು ಬೇರೆ ಕೋತಿಗಳಿಗೆ ಹರಡಿತು.

ಅಂದ ಹಾಗೆ, ಸ್ವತಃ ನಾಯಿಕೆಮ್ಮು ಬಂದು ಹೋದರೂ ಜೀವನಪೂರ್ತಿ ರಕ್ಷಣೆ ಸಿಗುವುದಿಲ್ಲ. ನನಗೆ ಚಿಕ್ಕಂದಿನಲ್ಲಿ ಬಂದಿತ್ತು, ಇನ್ನು ಬರಲ್ಲ ಅನ್ನುವ ಮಾತಿಗೆ ಆಧಾರವಿಲ್ಲ.

ಬೂಸ್ಟರ್ ಬಗ್ಗೆಯೂ ಸುಳ್ಳು ಭರವಸೆ ಬೇಡ. ಹದಿಹರೆಯದವರಿಗೆ, ದೊಡ್ಡವರಿಗೆ ಕೊಡುವುದು ಟಿಡಾಪ್ ಎಂಬ ಲಸಿಕೆ, ಟೆಟನಸ್, ಡಿಫ್ತೀರಿಯಾ, ನಾಯಿಕೆಮ್ಮು ಮೂರಕ್ಕೂ ಸೇರಿ ಒಂದೇ ಚುಚ್ಚು. ಅಮೆರಿಕದ ಅನುಭವದಲ್ಲಿ ಹಾಕಿಸಿಕೊಂಡ ಮೊದಲ ವರ್ಷ ಹತ್ತು ಜನರಲ್ಲಿ ಸುಮಾರು ಏಳು ಜನರಿಗೆ ನಾಯಿಕೆಮ್ಮಿನಿಂದ ಪೂರ್ತಿ ರಕ್ಷಣೆ ಸಿಗುತ್ತದೆ. ನಾಲ್ಕು ವರ್ಷ ಕಳೆದ ಮೇಲೆ ಅದು ಮೂರು ನಾಲ್ಕು ಜನಕ್ಕೆ ಇಳಿಯುತ್ತದೆ. ಕೇಳಿದರೆ ಇಷ್ಟೇನಾ ಅನ್ನಿಸುತ್ತದೆ. ನನಗೂ ಅನ್ನಿಸಿತ್ತು. ಆದರೆ ಈ ಅಂಕಿ ಕಾಯಿಲೆ ಬಂತೋ ಇಲ್ಲವೋ ಎಂಬುದನ್ನಷ್ಟೇ ಎಣಿಸುತ್ತದೆ. ಲಸಿಕೆ ಪಡೆದವರಿಗೆ ಬಂದರೂ ಸಾಮಾನ್ಯವಾಗಿ ಕಾಟ ಕಡಿಮೆ. ಇನ್ನೂ ಮುಖ್ಯವಾದದ್ದು, ರಕ್ಷಣೆ ಬೇಗ ಇಳಿಯುತ್ತದೆ ಅಂತ ಗೊತ್ತಿದ್ದರೆ ಅದನ್ನು ಯಾವಾಗ ಹಾಕಿಸಬೇಕು ಅನ್ನುವುದನ್ನು ನಾವೇ ಆರಿಸಬಹುದು. ಮೊದಲ ವರ್ಷದ ಆ ಏಳು ಜನರ ರಕ್ಷಣೆ, ಅತಿ ಹೆಚ್ಚು ಬೇಕಾದ ತಿಂಗಳುಗಳ ಮೇಲೆ ಬೀಳಬೇಕು.

ಆ ತಿಂಗಳುಗಳು ಯಾವುವು ಅನ್ನುವುದು ಗರ್ಭಿಣಿಯರ ಬೂಸ್ಟರಿನಲ್ಲಿ ಚೆನ್ನಾಗಿ ಕಾಣುತ್ತದೆ. ಮಗುವಿಗೆ ತನ್ನದೇ ಮೊದಲ ಡೋಸ್ ಸಿಗುವುದು ಆರರಿಂದ ಎಂಟು ವಾರಕ್ಕೆ, ಒಂದೇ ಡೋಸ್ ಸಾಕಾಗುವುದೂ ಇಲ್ಲ. ಅಲ್ಲಿಯವರೆಗೆ ಅದಕ್ಕೆ ಇರುವುದು ಅಮ್ಮ ಕೊಟ್ಟದ್ದು ಮಾತ್ರ. ಅಮ್ಮ ಗರ್ಭಿಣಿಯಾಗಿದ್ದಾಗ ಲಸಿಕೆ ಹಾಕಿಸಿಕೊಂಡರೆ ಎರಡು ವಾರದಲ್ಲಿ ಪ್ರತಿಕಾಯ ಏರಿ, ಮಾಸುಚೀಲದ ಮೂಲಕ ಮಗುವಿಗೆ ಇಳಿಯುತ್ತದೆ. ಅಮೆರಿಕದಲ್ಲಿ ಇದಕ್ಕೆ 27ರಿಂದ 36ನೇ ವಾರ ಅಂತ ಇಟ್ಟುಕೊಂಡಿದ್ದಾರೆ, ಬ್ರಿಟನ್ನಿನಲ್ಲಿ ಇನ್ನೂ ಮುಂಚೆ, 16ನೇ ವಾರದಿಂದಲೇ ಕೊಡುತ್ತಾರೆ. ಹೆರಿಗೆ ಆದ ಮೇಲೆ ಹಾಕಿಸಿಕೊಂಡರೆ ಈ ದಾರಿ ಮುಚ್ಚಿರುತ್ತದೆ. ಪ್ರತಿ ಬಸಿರಿನಲ್ಲೂ ಹಾಕಿಸಬೇಕು ಅನ್ನುವುದಕ್ಕೂ ಆ ಸವೆತವೇ ಕಾರಣ, ಹಿಂದಿನ ಮಗುವಿಗೆ ಹಾಕಿಸಿದ್ದು ಈ ಮಗುವಿಗೆ ಸಾಲುವುದಿಲ್ಲ. 2012ರ ಅಕ್ಟೋಬರಿನಲ್ಲಿ ಇಂಗ್ಲೆಂಡ್ ಇದನ್ನು ಶುರು ಮಾಡಿದ ಮೇಲೆ ಲೆಕ್ಕ ಹಾಕಿದರೆ, ಮೂರು ತಿಂಗಳೊಳಗಿನ ಮಕ್ಕಳಿಗೆ ಸುಮಾರು ನೂರಕ್ಕೆ 90ರಷ್ಟು ರಕ್ಷಣೆ ಸಿಕ್ಕಿತ್ತು.

ಅಪ್ಪ, ಅಜ್ಜಿ, ಮಾವ ಎಲ್ಲರೂ ಹಾಕಿಸಿಕೊಂಡರೆ? ಹಾಕಿಸಬಹುದು, ಮಗುವನ್ನು ಮುಟ್ಟುವ ಎರಡು ವಾರ ಮುಂಚೆ ಆಗಿರಬೇಕು. ಆದರೆ ಬಬೂನ್ ಪ್ರಯೋಗ ನೆನಪಿದೆಯಲ್ಲ, ಕಾಯಿಲೆ ಬರದವನೂ ಹರಡಬಹುದು. ಹಾಗಾಗಿ ಇದು ಅಮ್ಮನ ಲಸಿಕೆಯ ಬದಲಿಗೆ ಅಲ್ಲ, ಅದರ ಜೊತೆಗೆ. ನೆಗಡಿ ಇದ್ದವರು ಎಳೆ ಮಗುವಿನ ಹತ್ತಿರ ಹೋಗದೆ ಇರುವುದು ಇದಕ್ಕಿಂತ ಹೆಚ್ಚು ಕೆಲಸಕ್ಕೆ ಬಂದೀತು ಅಂತ ನನಗನ್ನಿಸುತ್ತದೆ.

ಹದಿಹರೆಯದವರ ವಿಷಯದಲ್ಲಿ ದೇಶಗಳ ಅಭಿಪ್ರಾಯವೇ ಬೇರೆ ಬೇರೆ. ಅಮೆರಿಕದಲ್ಲಿ 11-12ನೇ ವಯಸ್ಸಿಗೆ ಟಿಡಾಪ್ ಇದೆ. ಬ್ರಿಟನ್ನಿನ ಹದಿಹರೆಯದ ಬೂಸ್ಟರಿನಲ್ಲಿ ಟೆಟನಸ್, ಡಿಫ್ತೀರಿಯಾ, ಪೋಲಿಯೊ ಇವೆ, ನಾಯಿಕೆಮ್ಮು ಇಲ್ಲ. ಇಲ್ಲೇ ಒಂದು ಸಣ್ಣ ಬಲೆ ಇದೆ. ಗಾಯವಾದಾಗ ಹಾಕುವ ಟಿಟಿ, ಅಥವಾ ಟಿಡಿ ಎಂಬ ಚುಚ್ಚುಮದ್ದಿನಲ್ಲಿ ನಾಯಿಕೆಮ್ಮಿನ ಭಾಗ ಇರುವುದೇ ಇಲ್ಲ. ಹೋದ ವರ್ಷವಷ್ಟೇ ಟೆಟನಸ್ ಹಾಕಿಸಿದ್ದೇನೆ, ಅದರಲ್ಲೇ ಎಲ್ಲ ಬಂತು ಅಂದುಕೊಂಡವರು ತಮ್ಮ ಚೀಟಿಯಲ್ಲಿ ಹೆಸರು ಓದಿ ನೋಡಲಿ. ಹೆಸರಿನ ಕೊನೆಯಲ್ಲಿ "ಆಪ್" ಇದ್ದರೆ ಮಾತ್ರ ನಾಯಿಕೆಮ್ಮಿನದೂ ಸಿಕ್ಕಿದೆ ಅಂತ.

ಉದ್ದನೆಯ ಕೆಮ್ಮೆಲ್ಲ ನಾಯಿಕೆಮ್ಮು ಅಂತ ಹೇಳುತ್ತಿಲ್ಲ. ಕಫದಲ್ಲಿ ರಕ್ತ, ತೂಕ ಇಳಿಯುವುದು, ಸಂಜೆ ಜ್ವರ, ರಾತ್ರಿ ಬೆವರು ಇದ್ದರೆ ಮೊದಲು ಕ್ಷಯ ನೋಡಬೇಕು. ಉಸಿರಾಡುವಾಗ ಎದೆಯಲ್ಲಿ ಸುಯ್ ಅನ್ನುವ ಸದ್ದು ಇದ್ದರೆ ಆಸ್ತಮಾ. ಕೆಲವು ಬಿಪಿ ಮಾತ್ರೆಗಳಿಂದಲೂ ಒಣಕೆಮ್ಮು ಬರುತ್ತದೆ. ನಾಯಿಕೆಮ್ಮಿನ ಅನುಮಾನ ಬರಬೇಕಾದದ್ದು ಈ ಜೋಡಣೆ ಕಂಡಾಗ: ಜ್ವರ ಇಲ್ಲ, ಕೆಮ್ಮು ಅಲೆಯಾಗಿ ಬರುತ್ತದೆ, ಮಧ್ಯೆ ಆರಾಮಾಗಿದ್ದೀರಿ, ಎರಡು ವಾರ ದಾಟಿದೆ. ಇದರ ಜೊತೆಗೆ ಕೆಮ್ಮಿನ ಕೊನೆಗೆ ವಾಂತಿಯೂ ಇದ್ದರೆ ಅನುಮಾನ ಇನ್ನೂ ಗಟ್ಟಿ. ಆಗ ಡಾಕ್ಟರಿಗೆ ಕೆಮ್ಮು ಶುರುವಾದ ತಾರೀಖು ಹೇಳಿ. "ತುಂಬಾ ದಿನದಿಂದ" ಅಂದರೆ ಪಿಸಿಆರ್ ಮಾಡಿಸಬೇಕೋ ರಕ್ತ ಪರೀಕ್ಷೆಯೋ, ಮಾತ್ರೆ ಕೊಟ್ಟು ಉಪಯೋಗವಿದೆಯೋ ಇಲ್ಲವೋ ಅಂತ ಅವರಿಗೆ ತೀರ್ಮಾನಿಸಲು ಆಗುವುದಿಲ್ಲ. ಮನೆಯಲ್ಲಿ ಎಳೆ ಮಗು ಅಥವಾ ದಿನ ತುಂಬುತ್ತಿರುವ ಗರ್ಭಿಣಿ ಇದ್ದರೆ ಅದನ್ನೂ ಹೇಳಿ. ಮೂರು ವಾರದೊಳಗೆ ಸಿಕ್ಕಿಬಿದ್ದರೆ ಮನೆಮಂದಿಗೆಲ್ಲ ಮುಂಜಾಗ್ರತೆಗೆ ಅಜಿತ್ರೋಮೈಸಿನ್ ಕೊಡುವುದುಂಟು. ಕಾಯಿಲೆ ಇರುವವರು ಐದು ದಿನದ ಮಾತ್ರೆ ಮುಗಿಸಿದ ಮೇಲೆ ಬೇರೆಯವರಿಗೆ ಹರಡುವುದಿಲ್ಲ, ಕೆಮ್ಮು ಮುಂದುವರಿದರೂ ಕೂಡ.

ನಮ್ಮ ಉದಾಹರಣೆಯ ಅಪ್ಪನ ಕೆಮ್ಮು ಎಂಬತ್ತನೇ ದಿನದ ಹೊತ್ತಿಗೆ ನಿಂತಿತು. ನಾಲ್ಕು ತಿಂಗಳ ಮೇಲೆ ಅವನಿಗೆ ಬೇರೆ ಯಾವುದೋ ಸಾಮಾನ್ಯ ಶೀತ ಬಂತು, ಎರಡೇ ದಿನಕ್ಕೆ ಅದೇ ಗಂಟಲ ಕೆರೆತ, ಅದೇ ಅಲೆ ಅಲೆ ಕೆಮ್ಮು. ಮತ್ತೆ ನಾಯಿಕೆಮ್ಮು ಬಂತಾ ಅಂತ ಹೆದರಿ ಓಡಿಹೋದ. ಅದು ಹೊಸ ನಾಯಿಕೆಮ್ಮಲ್ಲ. ವಾಸಿಯಾದ ಮೇಲೂ ಹಲವು ತಿಂಗಳು ಶೀತ ಬಂದಾಗಲೆಲ್ಲ ಹಳೆಯ ಕೆಮ್ಮು ಹೀಗೆ ಮರಳಿ ಬರುವುದುಂಟು. ಈ ಸಲ ಹತ್ತು ದಿನದಲ್ಲಿ ಹೋಯಿತು.